ಮೋಟಾರಿಗೆ 5 ವರ್ಷ: ವಿಜಯಪುರದ ಒಂದು ಮಿಕ್ಸರ್ ಅಂಗಡಿಯ ವಾರಂಟಿ ಷರತ್ತುಗಳು

ವಿಜಯಪುರದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಹತ್ತಿರ ಮಿಕ್ಸರ್, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಯೊಂದರ ಪ್ರಕರಣ ಇದು. ಅಂಗಡಿಯ ಹೆಸರು, ಮಾಲೀಕರ ಹೆಸರು ಬೇಡ. ಇಲ್ಲಿನ ಅಂಗಡಿಗಳಿಗೆ ಬಿಲ್ಲು, ಕರಾರು, ನೋಟಿಸಿನ ಉತ್ತರ ಬರೆದುಕೊಡುವ ವಕೀಲಿಕೆ ನನ್ನದು. ಮಾಲೀಕರು ಬಂದಾಗ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು, ಅಂಗಡಿಯ ಬಿಲ್ಲು. ಇನ್ನೊಂದು, ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು ಮಗನ ಕೈಲಿ ಬರೆಸಿ ಕಳಿಸಿದ ಅರ್ಜಿ. ಮೋಟಾರು ಸುಟ್ಟಿದೆ, 5 ವರ್ಷ ಗ್ಯಾರಂಟಿ ಅಂದಿದ್ದೀರಿ, ಸರಿ ಮಾಡಿಕೊಡದಿದ್ದರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇವೆ ಎಂದಿತ್ತು.

ಬಿಲ್ಲಿನ ಹಿಂಬದಿಯಲ್ಲಿ ಬೇರೆ ಯಾವುದೋ ಅಂಗಡಿಯಿಂದ ನಕಲು ಮಾಡಿದ ಷರತ್ತುಗಳಿದ್ದವು. ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ವಾರಂಟಿ ಕಂಪನಿಯದ್ದು, ಅಂಗಡಿಗೆ ಸಂಬಂಧವಿಲ್ಲ. ಸುಟ್ಟ, ಒಡೆದ ಮಾಲಿಗೆ ವಾರಂಟಿ ಇಲ್ಲ. ವೋಲ್ಟೇಜ್ ಏರುಪೇರಿಗೆ ನಾವು ಹೊಣೆಯಲ್ಲ. ಎಲ್ಲ ತಕರಾರು ವಿಜಯಪುರ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ. ಮುಂಬದಿಯಲ್ಲಿ, ಮಿಕ್ಸರ್ ಎಂದು ಬರೆದ ಸಾಲಿನ ಕೆಳಗೆ, ಕೌಂಟರಿನ ಹುಡುಗ ನೀಲಿ ಪೆನ್ನಿನಿಂದ ಬರೆದದ್ದು ಇಷ್ಟೇ: ‘ಮಷೀನ್ 2 ವರ್ಷ, ಮೋಟಾರ್ 5 ವರ್ಷ.’

ಮಾಲೀಕರ ವಾದ ಹಿಂಬದಿಯದ್ದು, ಆ ಹೆಣ್ಣುಮಗಳ ವಾದ ಮುಂಬದಿಯದ್ದು. ಇಂಥ ಕಡೆ ಕೈಬರಹದ ಮಾತೇ ಮೇಲಾಗುತ್ತದೆ. ಅಚ್ಚಾದದ್ದು ಎಲ್ಲರಿಗೂ ಒಂದೇ. ಕೈಯಿಂದ ಬರೆದದ್ದು ಆ ಗಿರಾಕಿಗೆ, ಆ ಮಾಲಿಗೆ, ದುಡ್ಡು ಎಣಿಸುವ ಹೊತ್ತಿಗೆ ಕೊಟ್ಟ ಮಾತು.

ಆದರೆ ವಾದಕ್ಕೆ ಮೊದಲು ಮಷೀನ್ ನೋಡಬೇಕು ಎಂದೆ. ಷರತ್ತು ಬರೆಯುವವನು ಒಮ್ಮೆಯಾದರೂ ಸುಟ್ಟ ಮಿಕ್ಸರ್ ಬಿಚ್ಚುವುದನ್ನು ಕಣ್ಣಾರೆ ನೋಡಿರಬೇಕು. ಇಲ್ಲದಿದ್ದರೆ ‘ದುರ್ಬಳಕೆ’, ‘ಓವರ್‌ಲೋಡ್’ ಎಂಬ ಮಾತುಗಳನ್ನು ಅರ್ಥವಿಲ್ಲದೆ ತುಂಬುತ್ತಾನೆ.

ಹೆಣ್ಣುಮಗಳು ಮಿಕ್ಸರನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದರು. 750 ವ್ಯಾಟಿನ ಮಷೀನು, ಮೂರು ಜಾರು, ಕೊಂಡು 2 ವರ್ಷ 4 ತಿಂಗಳು.

“ಏನ್ ರುಬ್ಬತಿದ್ರಿ ಅಕ್ಕಾರ?” ಅಂದ ಅಂಗಡಿಯ ಮಿಸ್ತ್ರಿ.

“ಶೇಂಗಾ ಹಿಂಡಿ ರೀ. ಗುರೆಳ್ಳು ಹಿಂಡಿನೂ ಮಾಡತೀನಿ. ಓಣ್ಯಾಗ ನಾಕ ಮಂದಿಗೆ ಕೊಡತೀನ್ರಿ, ಪಾವ್ ಕಿಲೋ, ಅರ್ಧ ಕಿಲೋ.”

ಮಾಲೀಕರು ನನ್ನ ಕಡೆ ನೋಡಿದರು. ಚಟ್ನಿಪುಡಿಯ ಧಂದೆಗೆ ಬಳಸಿದ್ದಾರೆ, ನಮ್ಮ ಹೊಣೆ ಬಿಟ್ಟಿತು ಎನ್ನುವ ನೋಟ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಿಸ್ತ್ರಿ ಮೊದಲು ಮಷೀನನ್ನು ಬೋರಲು ಹಾಕಿ ತಳದ ಕೆಂಪು ಗುಂಡಿ ಒತ್ತಿದ. ಅದು ಓವರ್‌ಲೋಡ್ ಸ್ವಿಚ್ಚು. ಮೋಟಾರಿಗೆ ಹೊರೆ ಹೆಚ್ಚಾಗಿ ಕರೆಂಟು ಹೆಚ್ಚು ಎಳೆದರೆ ತಾನೇ ಕಡಿತಗೊಂಡು ಗುಂಡಿ ಹೊರಗೆ ಬರುತ್ತದೆ. ಆರಿದ ಮೇಲೆ ಒತ್ತಿದರೆ ಮಷೀನು ಮತ್ತೆ ಓಡುತ್ತದೆ. ‘ಸತ್ತಿದೆ’ ಎಂದು ಅಂಗಡಿಗೆ ಬರುವ ಎಷ್ಟೋ ಮಿಕ್ಸರುಗಳ ರಿಪೇರಿ ಇಷ್ಟೇ. ಇಲ್ಲಿ ಗುಂಡಿ ಹೊರಗೆ ಬಂದೇ ಇರಲಿಲ್ಲ. ಆಮೇಲೆ ಚಟ್ನಿ ಜಾರಿನ ಬ್ಲೇಡನ್ನು ಕೆಳಗಿನಿಂದ ಕೈಯಲ್ಲಿ ತಿರುಗಿಸಿದ. ಸಲೀಸಾಗಿ ತಿರುಗಬೇಕಾದದ್ದು ಬಿಗಿಯಾಗಿತ್ತು. ಬ್ಲೇಡಿನ ಕಡ್ಡಿ ತಿರುಗುವ ಜಾರಿನ ಬುಷ್ಷಿನಲ್ಲಿ ಶೇಂಗಾ ಎಣ್ಣೆ ಜಿಡ್ಡುಗಟ್ಟಿ ಹಿಡಿದಿತ್ತು. ಜಾರನ್ನು ಮೋಟಾರಿಗೆ ಕೂಡಿಸುವ ಹಲ್ಲಿನ ಕಪ್ಲರ್ ತೆಗೆದು ಅದರ ಕೆಳಗೆ ನೋಡಿದ. ಒಣಗಿದ ಮಸಾಲೆ ಇಲ್ಲ, ತುಕ್ಕಿಲ್ಲ. ಅಂದರೆ ಜಾರು ಸೋರಿ ಮೋಟಾರಿನೊಳಗೆ ನೀರು ಇಳಿದಿಲ್ಲ. ತಳ ಬಿಚ್ಚಿದಾಗ ವಾರ್ನಿಶ್ ಸುಟ್ಟ ವಾಸನೆ ಬಂತು. ಮೋಟಾರಿನೊಳಗೆ ತಿರುಗುವ ಆರ್ಮೇಚರ್ ಕರ್ರಗಾಗಿತ್ತು, ಅದರ ಸುತ್ತ ತಿರುಗದೆ ಕೂತ ಫೀಲ್ಡ್ ಕಾಯಿಲ್ ಇನ್ನೂ ತಾಮ್ರದ ಬಣ್ಣದಲ್ಲೇ ಇತ್ತು. ಕೊನೆಗೆ ಓವರ್‌ಲೋಡ್ ಸ್ವಿಚ್ಚನ್ನೇ ಒಡೆದು ನೋಡಿದ. ಒಳಗಿನ ಸಂಪರ್ಕದ ಬಿಂದುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಇಡೀ ಪ್ರಕರಣದ ಗಂಟು ಇಲ್ಲಿದೆ. ಹೊರೆ ಬಿದ್ದದ್ದು ನಿಜ. ಬಿಗಿಯಾದ ಜಾರು, ಎಣ್ಣೆ ಬಿಡುವ ಶೇಂಗಾ, ನಿಲ್ಲಿಸದೆ ಓಡಿಸಿದ ಮಷೀನು. ಆದರೆ ಹೊರೆ ಬಿದ್ದಾಗ ಕಡಿತಗೊಳ್ಳಲಿ ಎಂದೇ ಒಂದು ಸ್ವಿಚ್ಚು ಇಟ್ಟಿದ್ದಾರೆ. ‘ಓವರ್‌ಲೋಡ್ ಪ್ರೊಟೆಕ್ಷನ್’ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಅದು ಕೆಲಸ ಮಾಡದೆ ಮೋಟಾರು ಸುಟ್ಟರೆ ‘ಓವರ್‌ಲೋಡ್ ಮಾಡಿದ್ದೀರಿ, ವಾರಂಟಿ ಇಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಕೆಟ್ಟದ್ದು ಮೋಟಾರಿಗಿಂತ ಮೊದಲು ಆ ಸ್ವಿಚ್ಚು. ಗ್ರಾಹಕರ ಆಯೋಗದ ಮುಂದೆ ಹೋದರೆ ಈ ಸ್ವಿಚ್ಚೇ ಎದುರು ಸಾಕ್ಷಿ ಎಂದು ಮಾಲೀಕರಿಗೆ ಹೇಳಿದೆ. ಅವರು ಅಂದೇ ಆರ್ಮೇಚರ್, ಕಾರ್ಬನ್ ಬ್ರಷ್, ಓವರ್‌ಲೋಡ್ ಸ್ವಿಚ್ ಹೊಸದು ಹಾಕಿಸಿ, ಜಾರಿನ ಬುಷ್ಷಿಗೆ ಮಾತ್ರ ದುಡ್ಡು ತೆಗೆದುಕೊಂಡು ಕಳಿಸಿದರು. ಬುಷ್ಷಿಗೂ ತೆಗೆದುಕೊಳ್ಳಬಾರದಿತ್ತು ಎಂದು ನನ್ನ ಅನಿಸಿಕೆ. ಅದು ಬೇರೆ ಮಾತು.

ಆಮೇಲೆ ಷರತ್ತುಗಳನ್ನು ಹೊಸದಾಗಿ ಬರೆಯಲು ಕುಳಿತೆವು.

ಮೊದಲ ಪ್ರಶ್ನೆ ಷರತ್ತಿನದ್ದಲ್ಲ, ಮಾಲಿನದ್ದು. ಈ ಅಂಗಡಿಯಲ್ಲಿ ಎರಡು ಜಾತಿಯ ಮಾಲಿದೆ. ಒಂದು, ದೊಡ್ಡ ಕಂಪನಿಗಳದ್ದು. ಪೆಟ್ಟಿಗೆಯೊಳಗೆ ಕಂಪನಿಯ ವಾರಂಟಿ ಕಾರ್ಡ್ ಇರುತ್ತದೆ, ಟೋಲ್ ಫ್ರೀ ನಂಬರ್ ಇರುತ್ತದೆ, ಊರಿನಲ್ಲಿ ಅವರದೇ ಸರ್ವಿಸ್ ಸೆಂಟರ್ ಇರುತ್ತದೆ. ಇನ್ನೊಂದು, ಕೊಯಮತ್ತೂರಿನ ತಯಾರಕರಿಂದ ತರಿಸಿ ಅಂಗಡಿಯ ಹೆಸರಿನ ಸ್ಟಿಕ್ಕರ್ ಅಂಟಿಸಿದ ಮಿಕ್ಸರುಗಳು. ಸಿಂದಗಿಯ ಮಷೀನು ಈ ಎರಡನೆಯ ಜಾತಿ. ಬಿಲ್ಲಿನ ಹಿಂದೆ ‘ವಾರಂಟಿ ಕಂಪನಿಯದ್ದು’ ಎಂದು ಇತ್ತಲ್ಲ, ಈ ಮಿಕ್ಸರಿಗೆ ಕಂಪನಿ ಯಾರು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೆ ನೇರ ಉತ್ತರ ಕೊಡುತ್ತದೆ. ಅದರ 2(24)ನೇ ಕಲಮಿನಲ್ಲಿ ‘ತಯಾರಕ’ ಎಂದರೆ ಮಾಲನ್ನು ಮಾಡುವವನು, ಜೋಡಿಸುವವನು ಮಾತ್ರವಲ್ಲ. ಬೇರೆಯವರು ಮಾಡಿದ ಮಾಲಿಗೆ ತನ್ನ ಗುರುತು ಹಾಕುವವನೂ ತಯಾರಕನೇ. ಸ್ಟಿಕ್ಕರ್ ಅಂಟಿಸಿದ ಗಳಿಗೆಯಿಂದ ಮಾಲೀಕರು ಬರೀ ಮಾರುವವರಾಗಿ ಉಳಿಯಲಿಲ್ಲ. ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ “ಹಂಗಾರ ಸ್ಟಿಕ್ಕರ್ ತಗದ ಬಿಡೂಣೇನ್ರಿ ವಕೀಲ್ರ?” ಅಂದರು. ತೆಗೆದರೆ ಪೆಟ್ಟಿಗೆಯ ಮೇಲೆ ಕೊಯಮತ್ತೂರಿನವರ ಹೆಸರು, ವಿಳಾಸ, ಗ್ರಾಹಕರು ದೂರು ಹೇಳುವ ಫೋನ್ ನಂಬರ್ ಇರಲೇಬೇಕು. ಹೆಸರಿಲ್ಲದ ಮಾಲು ಇನ್ನೂ ಕೆಟ್ಟದ್ದು. ಜಾರು ಒಡೆದು ಬ್ಲೇಡು ಹಾರಿ ಯಾರಿಗಾದರೂ ಗಾಯವಾಗಿ, ತಯಾರಕ ಯಾರೆಂದೇ ಗೊತ್ತಿಲ್ಲದಿದ್ದರೆ 86ನೇ ಕಲಮು ಹೊಣೆಯನ್ನು ಮಾರಿದವನ ತಲೆಗೇ ಕಟ್ಟುತ್ತದೆ.

ಹಾಗಾಗಿ ಒಂದೇ ಷರತ್ತಿನ ಬದಲು ಎರಡು ಮಾಡಿದೆವು. ಕಂಪನಿ ಮಾಲಿನ ಬಿಲ್ಲಿಗೆ ಹೀಗೆ:

‘ಈ ಮಾಲಿಗೆ ಪೆಟ್ಟಿಗೆಯೊಳಗಿನ ಕಾರ್ಡಿನಲ್ಲಿರುವಂತೆ ಕಂಪನಿಯ ವಾರಂಟಿ ಇದೆ. ಕಂಪನಿಯ ಸರ್ವಿಸ್ ಸೆಂಟರಿನ ವಿಳಾಸ, ಫೋನ್ ನಂಬರ್ ಈ ಬಿಲ್ಲಿನ ಮೇಲೆ ಬರೆದುಕೊಟ್ಟಿದ್ದೇವೆ. ತಾವು ಮಷೀನನ್ನು ನಮ್ಮ ಅಂಗಡಿಗೇ ತಂದುಕೊಟ್ಟರೆ ರಸೀದಿ ಕೊಟ್ಟು ಸರ್ವಿಸ್ ಸೆಂಟರಿಗೆ ನಾವೇ ಮುಟ್ಟಿಸುತ್ತೇವೆ. ಇದಕ್ಕೆ ದುಡ್ಡು ಇಲ್ಲ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿನ ವಾರಂಟಿಯನ್ನು ಅಂಗಡಿ ಬಾಯಿಮಾತಿನಲ್ಲಾಗಲಿ ಕೈಬರಹದಲ್ಲಾಗಲಿ ಕೊಡುವುದಿಲ್ಲ.’

ಕೊನೆಯ ವಾಕ್ಯ ಗಿರಾಕಿಗೆ ಎಷ್ಟೋ ಅಷ್ಟೇ ಕೌಂಟರಿನ ಹುಡುಗನಿಗೂ. ಅಲ್ಲೂ ಒಂದು ಎಚ್ಚರ ಬೇಕು. ಈ ಸಾಲು ಅಚ್ಚಾಗಿದ್ದರೂ ಹುಡುಗ ಮತ್ತೆ ಪೆನ್ನಿನಿಂದ ‘5 ವರ್ಷ’ ಎಂದು ಬರೆದರೆ ಅಚ್ಚು ಕಾಪಾಡುವುದಿಲ್ಲ. ಅದಕ್ಕೆ ಬಿಲ್ಲಿನ ಕಂಪ್ಯೂಟರಿನಲ್ಲೇ ಪ್ರತಿ ಮಾಲಿನ ವಾರಂಟಿಯ ಅವಧಿ ತಾನಾಗಿ ಅಚ್ಚಾಗುವಂತೆ ಮಾಡಿಸಿದರು. ಪೆನ್ನು ಹಿಡಿಯುವ ಕಾರಣವೇ ಉಳಿಯಲಿಲ್ಲ.

ಅಂಗಡಿಯ ಸ್ವಂತ ಹೆಸರಿನ ಮಿಕ್ಸರಿಗೆ ಬಂದಾಗ ಕೆಲಸ ನಿಧಾನವಾಯಿತು. ‘ಮೋಟಾರ್’ ಎಂದರೆ ಏನು ಎನ್ನುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಗಿರಾಕಿಯ ಲೆಕ್ಕದಲ್ಲಿ ಜಾರು ಬಿಟ್ಟು ಉಳಿದದ್ದೆಲ್ಲ ಮೋಟಾರು. ಗುಂಡಿ ತಿರುಗಿಸಿದರೆ ಓಡದಿದ್ದರೆ ಮೋಟಾರು ಹೋಯಿತು ಅಷ್ಟೇ. ಮಿಸ್ತ್ರಿಯ ಲೆಕ್ಕದಲ್ಲಿ ಆರ್ಮೇಚರ್ ಮತ್ತು ಫೀಲ್ಡ್ ಕಾಯಿಲ್ ಮಾತ್ರ ಮೋಟಾರು. ಕಾರ್ಬನ್ ಬ್ರಷ್ಷು ಸವೆಯುವ ಸಾಮಾನು. ಆರ್ಮೇಚರಿನ ಮೇಲೆ ಉಜ್ಜಿಕೊಂಡೇ ಕರೆಂಟು ದಾಟಿಸುತ್ತದೆ, ಸವೆದು ಗಿಡ್ಡವಾದರೆ ಮೋಟಾರು ನಿಂತುಬಿಡುತ್ತದೆ, ಹೊಸದು ಹಾಕಿದರೆ ಮತ್ತೆ ಓಡುತ್ತದೆ. ಕಪ್ಲರ್ ಕಥೆ ಬೇರೆ. ಜಾರು ಸಿಕ್ಕಿಹಾಕಿಕೊಂಡರೆ ಮೋಟಾರಿಗೆ ಪೆಟ್ಟು ಬೀಳುವ ಮೊದಲು ಕಪ್ಲರಿನ ಹಲ್ಲು ಮುರಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಮುರಿದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ.

ಇದನ್ನು ಗಿರಾಕಿಗೆ ಮೊದಲೇ ತಿಳಿಯುವಂತೆ ಬರೆಯಬೇಕು. ‘ಮೋಟಾರಿನ ವಾರಂಟಿಯಲ್ಲಿ ಸವೆಯುವ ಭಾಗಗಳು ಸೇರುವುದಿಲ್ಲ’ ಎಂದು ಬರೆದರೆ ತಾಂತ್ರಿಕವಾಗಿ ಸರಿ, ಆದರೆ ಸಿಂದಗಿಯ ಮನೆಯಲ್ಲಿ ಕುಳಿತು ಓದುವವರಿಗೆ ಏನೂ ತಿಳಿಯುವುದಿಲ್ಲ. ಕೊನೆಗೆ ಒಪ್ಪಿಕೊಂಡ ಪಠ್ಯ:

‘ಮೋಟಾರ್ ಎಂದರೆ ಆರ್ಮೇಚರ್, ಫೀಲ್ಡ್ ಕಾಯಿಲ್ ಮತ್ತು ಓವರ್‌ಲೋಡ್ ಸ್ವಿಚ್. ಇವು 2 ವರ್ಷದೊಳಗೆ ಕೆಟ್ಟರೆ ಸಾಮಾನಿಗೂ ಕೂಲಿಗೂ ದುಡ್ಡು ಇಲ್ಲ. ಗುಂಡಿ, ವೈರು, ಜಾರಿನ ಬ್ಲೇಡು, ಬುಷ್ 1 ವರ್ಷ. ಕಪ್ಲರ್ ಮತ್ತು ಕಾರ್ಬನ್ ಬ್ರಷ್ ಬಳಸಿದಂತೆ ಸವೆಯುತ್ತವೆ. ಮೊದಲ ವರ್ಷದಲ್ಲಿ ಒಂದು ಸಲ ಇವನ್ನು ಪುಕ್ಕಟೆ ಬದಲಿಸಿಕೊಡುತ್ತೇವೆ. ಆಮೇಲೆ ಸಾಮಾನಿನ ಬೆಲೆ ಮಾತ್ರ, ಕೂಲಿ ಇಲ್ಲ. ವಾರಂಟಿ ಬಿಲ್ಲಿನ ತಾರೀಖಿನಿಂದ ಶುರು.’

ಎರಡು ವಿಷಯ ಇಲ್ಲಿ ಗಮನಿಸಬೇಕು. ಓವರ್‌ಲೋಡ್ ಸ್ವಿಚ್ಚನ್ನು ಮೋಟಾರಿನ ಲೆಕ್ಕಕ್ಕೆ ಹಾಕಿದ್ದು ಸಿಂದಗಿಯ ಮಷೀನಿನಿಂದಾಗಿ. ಕಪ್ಲರ್, ಬ್ರಷ್ ಒಂದು ಸಲ ಪುಕ್ಕಟೆ ಎಂದದ್ದು ಅಂಗಡಿಯ ರಿಪೇರಿ ವಹಿ ನೋಡಿ. ಆ ವಹಿಯ ತುಂಬ ಕಪ್ಲರ್, ಬುಷ್, ಬ್ರಷ್ಷೇ ಇದ್ದವು. ಮೋಟಾರು ಸುಟ್ಟದ್ದು ಅಲ್ಲೊಂದು ಇಲ್ಲೊಂದು. ಕಪ್ಲರಿಗೆ ಮಾಲೀಕರಿಗೆ ಬೀಳುವ ಖರ್ಚು ಚಿಲ್ಲರೆ, ಅದಕ್ಕಾಗಿ ಕೌಂಟರಿನಲ್ಲಿ ನಡೆಯುವ ವಾಗ್ವಾದ ಅರ್ಧ ತಾಸು. ಅಲ್ಲಿ ಉದಾರವಾಗಿದ್ದು, ದುಬಾರಿಯಾದ ಆರ್ಮೇಚರಿನ ವರ್ಷಗಳಲ್ಲಿ ಬಿಗಿಯಾಗಿರುವುದೇ ಲೆಕ್ಕ. ಇಲ್ಲಿ ಬಹುತೇಕ ಅಂಗಡಿಗಳು ಇದಕ್ಕೆ ಉಲ್ಟಾ ಮಾಡುತ್ತವೆ. ಬೋರ್ಡಿನ ಮೇಲೆ 5 ವರ್ಷ ಎಂದು ಬರೆದು ಕೌಂಟರಿನಲ್ಲಿ ಕಪ್ಲರಿಗೆ ಜಗಳಾಡುತ್ತವೆ.

ಹೊರಗಿಡುವ ಸಂಗತಿಗಳು ಇನ್ನೊಂದು ಕಗ್ಗಂಟು. ನಾನು ಇಟ್ಟುಕೊಂಡ ನಿಯಮ ಒಂದೇ. ಮಿಸ್ತ್ರಿ ಗಿರಾಕಿಯ ಮುಂದೆ ಬೆರಳಿಟ್ಟು ತೋರಿಸಲಾಗದ ಕಾರಣವನ್ನು ಷರತ್ತಿನಲ್ಲಿ ಬರೆಯಬಾರದು. ವಾರಂಟಿ ಇಲ್ಲ ಎನ್ನುವ ಕಾರಣ ಇದೆ ಎಂದು ತೋರಿಸಬೇಕಾದವರು ಅದನ್ನು ಹೇಳುವವರೇ. ನೀರು ಇಳಿದಿದ್ದರೆ ಕಪ್ಲರಿನ ಕೆಳಗೆ ಒಣಗಿದ ಮಸಾಲೆಯ ಪದರ, ಮೇಲಿನ ಬೇರಿಂಗಿನ ಸುತ್ತ ತುಕ್ಕು ಕಾಣುತ್ತದೆ. ಬೇರೆ ಕಡೆ ಬಿಚ್ಚಿಸಿದ್ದರೆ ಸ್ಕ್ರೂಗಳ ತಲೆ ಸವೆದಿರುತ್ತದೆ, ವೈಂಡಿಂಗಿನ ದಾರ, ವಾರ್ನಿಶ್ ಬೇರೆಯಾಗಿರುತ್ತವೆ. ಕೆಳಗೆ ಬಿದ್ದಿದ್ದರೆ ಬಾಡಿ ಸೀಳಿರುತ್ತದೆ. ಇವನ್ನು ಬರೆದೆವು. ‘ದುರ್ಬಳಕೆ’ ಎಂಬ ಮಾತನ್ನು ತೆಗೆದೆವು.

‘ವೋಲ್ಟೇಜ್ ಏರುಪೇರು’ ಮಾತಿಗೆ ಮಾಲೀಕರು ಬಹಳ ಹೊತ್ತು ಅಂಟಿಕೊಂಡರು. ಹೆಸ್ಕಾಂ ಕರೆಂಟು ಹಳ್ಳಿಗಳಲ್ಲಿ ಹೇಗೆ ಏರಿಳಿಯುತ್ತದೆ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಹಾಗೆ ಗೊತ್ತಿರುವುದೇ ತೊಂದರೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಗೆ ಮಾರುವವನು ಅಲ್ಲಿನ ಕರೆಂಟಿಗೆ ತಾಳದ ಮಾಲು ಮಾರಿ, ಆಮೇಲೆ ಅದೇ ಕರೆಂಟನ್ನು ಕಾರಣ ಹೇಳಿದರೆ ಕೇಳುವವರಿಲ್ಲ. ಮಿಕ್ಸರಿನ ಮೋಟಾರು ವೋಲ್ಟೇಜಿನಿಂದ ಸುಟ್ಟಿತೋ ಹೊರೆಯಿಂದ ಸುಟ್ಟಿತೋ ಎಂದು ಕರ್ರಗಾದ ತಾಮ್ರ ನೋಡಿ ಖಚಿತವಾಗಿ ಹೇಳುವುದು ಮಿಸ್ತ್ರಿಗೂ ಕಷ್ಟ. ಮಿಕ್ಸರಿನ ಷರತ್ತಿನಿಂದ ಆ ಸಾಲು ಹೋಯಿತು. ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ ಬಿಎಲ್‌ಡಿಸಿ ಫ್ಯಾನಿನಲ್ಲಿ ಮಾತ್ರ ಉಳಿಸಿದೆವು. ಯಾಕೆಂದರೆ ಅಲ್ಲಿ ತೋರಿಸಲು ಒಂದು ಗುರುತಿದೆ. ಬೋರ್ಡಿನ ಮೇಲೆ ವೇರಿಸ್ಟರ್ ಎಂಬ ಬಿಲ್ಲೆಯಂಥ ಸಣ್ಣ ಭಾಗ ಇರುತ್ತದೆ. ಕರೆಂಟು ಒಮ್ಮೆಲೇ ಏರಿ ನುಗ್ಗಿದರೆ ಮೊದಲು ಅದು ಸಿಡಿದು ಕಪ್ಪಾಗುತ್ತದೆ.

ಫ್ಯಾನಿನ ಮಾತು ಬಂದದ್ದಕ್ಕೆ ಅದನ್ನೂ ಮುಗಿಸಿಬಿಡುತ್ತೇನೆ. ಹಳೆಯ ಬಗೆಯ ಸೀಲಿಂಗ್ ಫ್ಯಾನಿನಲ್ಲಿ ದೂರು ಹೆಚ್ಚಾಗಿ ಮೂರೇ: ಮೆಲ್ಲಗೆ ತಿರುಗುತ್ತದೆ, ಸದ್ದು ಮಾಡುತ್ತದೆ, ಅಲ್ಲಾಡುತ್ತದೆ. ಮೆಲ್ಲಗಾದರೆ ಬಹುಪಾಲು ಕೆಪಾಸಿಟರ್ ಸೋತಿರುತ್ತದೆ. 2.5 ಎಂಎಫ್‌ಡಿ ಅಂತ ಬರೆದ ಡಬ್ಬಿ, ಬದಲಿಸುವುದು ಹತ್ತು ನಿಮಿಷದ ಕೆಲಸ. ಸದ್ದಿಗೆ ಬೇರಿಂಗ್. ಅಲ್ಲಾಡುವುದು ಜೋಡಣೆಯ ದೋಷ, ಇಲ್ಲವೇ ಬಾಗಿದ ರೆಕ್ಕೆ. ಫ್ಯಾನನ್ನು ಯಾರು ಇಳಿಸಿ ತರಬೇಕು ಎನ್ನುವುದೇ ಅಸಲಿ ಜಗಳ, ಅದನ್ನು ಯಾರೂ ಬರೆದಿರುವುದಿಲ್ಲ. ‘ಊರೊಳಗಿನ ಗಿರಾಕಿಗಳಿಗೆ ಮಿಸ್ತ್ರಿ ಮನೆಗೆ ಬರುತ್ತಾನೆ, ಹೊರ ಊರಿನವರು ಇಳಿಸಿ ತರಬೇಕು’ ಎಂದು ಬರೆದೆವು. ಬಿಎಲ್‌ಡಿಸಿ ಫ್ಯಾನಿಗೆ ಇನ್ನೊಂದು ಸಾಲು ಸೇರಿತು: ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಸ್ವಿಚ್ಚಿಗೆ ಜೋಡಿಸಿ, ಇಲ್ಲದಿದ್ದರೆ ಬೋರ್ಡು ಕೆಡಬಹುದು. ಇದನ್ನು ಬಿಲ್ಲಿನ ಹಿಂದೆ ಅಡಗಿಸದೆ ಮಾರುವಾಗಲೇ ಬಾಯಿಬಿಟ್ಟು ಹೇಳಬೇಕು ಎಂದು ಹುಡುಗರಿಗೆ ತಾಕೀತು ಮಾಡಿಸಿದೆ. ಎಚ್ಚರಿಕೆಯನ್ನು ಗಿರಾಕಿಗೆ ಮುಟ್ಟಿಸದೆ, ಅದರಿಂದ ಬೆಂಕಿಯೋ ಗಾಯವೋ ಆದರೆ ಮಾರಿದವನಿಗೂ ಹೊಣೆ ಬರುತ್ತದೆ.

ಈಗ ಶೇಂಗಾ ಹಿಂಡಿಯ ಧಂದೆ. ‘ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಇಲ್ಲ’ ಎಂಬ ಸಾಲನ್ನು ಮನೆಬಳಕೆಯ ಮಿಕ್ಸರಿಗೆ ಹಾಕುವುದರಲ್ಲಿ ತಪ್ಪಿಲ್ಲ. ಖಾನಾವಳಿಯಲ್ಲಿ ದಿನವಿಡೀ ಓಡುವ ಮಷೀನು ಮನೆಯ ಮಷೀನಿನಷ್ಟು ಬಾಳುವುದಿಲ್ಲ. ಮನೆಯ ಮಿಕ್ಸರು ಕೆಲವು ನಿಮಿಷ ಓಡಿ ಸ್ವಲ್ಪ ಹೊತ್ತು ಆರಲಿ ಎಂದು ಮಾಡಿದ್ದು, ತಳದ ಪಟ್ಟಿಯಲ್ಲೇ ಅದನ್ನು ಬರೆದಿರುತ್ತಾರೆ. ಆದರೆ ಎರಡು ಮಾತು ನೆನಪಿಡಬೇಕು. ತನ್ನ ಹೊಟ್ಟೆಪಾಡಿಗಾಗಿ ತಾನೇ ದುಡಿಯುವವರು ಆ ಕೆಲಸಕ್ಕೆ ಕೊಂಡ ಸಾಮಾನಿನ ವಿಷಯದಲ್ಲಿ ಕಾಯ್ದೆಯ ಕಣ್ಣಿಗೆ ಗ್ರಾಹಕರೇ. 2(7)ನೇ ಕಲಮಿನ ವಿವರಣೆ ಅದನ್ನೇ ಹೇಳುತ್ತದೆ. ಅವರು ವ್ಯಾಪಾರಿ, ಆಯೋಗಕ್ಕೆ ಹೋಗಲು ಬರುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಇನ್ನೊಂದು, ವಾರಂಟಿಯ ಮಿತಿ ಮಾರುವಾಗಲೇ ತಿಳಿಸಿದ್ದರೆ ಮಾತ್ರ ಆಮೇಲೆ ಅದನ್ನು ಎತ್ತಿ ಹೇಳಬಹುದು. ಸಿಂದಗಿಯ ಬಿಲ್ಲಿನಲ್ಲಿ ಆ ಮಾತೇ ಇರಲಿಲ್ಲ.

ಆದ್ದರಿಂದ ಕೌಂಟರಿನಲ್ಲಿ ಒಂದು ಪ್ರಶ್ನೆ ಸೇರಿಸಿದರು: “ಮನಿಗೇನ್ರಿ, ಧಂದಾಕ್ಕೇನ್ರಿ?” ಉತ್ತರವನ್ನು ಬಿಲ್ಲಿನಲ್ಲಿ ಗುರುತು ಮಾಡುತ್ತಾರೆ. ಧಂದೆಗೆ ಎಂದವರಿಗೆ ಹೆಚ್ಚು ಹೊರೆ ತಾಳುವ ದೊಡ್ಡ ಮಷೀನು ತೋರಿಸುತ್ತಾರೆ. ಅದು ಬೇಡ ಎಂದು ಮನೆಯ ಮಿಕ್ಸರನ್ನೇ ಒಯ್ದರೆ ವಾರಂಟಿ 6 ತಿಂಗಳು ಎಂದು ಅಚ್ಚಾಗುತ್ತದೆ. ಪೂರ್ತಿ ಇಲ್ಲ ಎನ್ನುವುದಕ್ಕಿಂತ ಇದು ಒಳ್ಳೆಯದು ಅನಿಸಿತು. ಇಲ್ಲ ಎಂದರೆ ಎಲ್ಲರೂ ‘ಮನಿಗೇ’ ಅಂದುಬಿಡುತ್ತಾರೆ.

ಹಿಂಬದಿಯ ಹಳೆಯ ಸಾಲುಗಳಲ್ಲಿ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎನ್ನುವುದನ್ನು ಚರ್ಚೆಯಿಲ್ಲದೆ ಹೊಡೆದುಹಾಕಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದು 2(47)ನೇ ಕಲಮಿನ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆ ಸಾಲು ಅಂಗಡಿಯನ್ನು ಕಾಪಾಡುವುದಿಲ್ಲ, ಅಂಗಡಿಯ ವಿರುದ್ಧವೇ ಅಚ್ಚಾದ ಪುರಾವೆ. ಅದರ ಜಾಗದಲ್ಲಿ ‘ಮನೆಗೆ ಒಯ್ದು 10 ದಿನದೊಳಗೆ ತಯಾರಿಕೆಯ ದೋಷ ಕಂಡರೆ ಬೇರೆ ಮಷೀನು ಅಥವಾ ಹಣ, ಗಿರಾಕಿ ಕೇಳಿದ್ದು. ಬಣ್ಣ ಇಷ್ಟವಾಗಲಿಲ್ಲ ಎಂದರೆ ಬಳಸದ ಮಾಲನ್ನು 3 ದಿನದೊಳಗೆ ಬದಲಿಸಿಕೊಡುತ್ತೇವೆ, ಹಣ ಕೊಡುವುದಿಲ್ಲ’ ಎಂದು ಬರೆದೆವು. ದೋಷಕ್ಕೂ ಮನಸ್ಸು ಬದಲಾಗುವುದಕ್ಕೂ ಗೆರೆ ಎಳೆದರೆ ಮಾಲೀಕರ ಅರ್ಧ ಹೆದರಿಕೆ ಕರಗುತ್ತದೆ.

‘ವಿಜಯಪುರ ವ್ಯಾಪ್ತಿ’ಯ ಸಾಲೂ ಹೋಯಿತು. ಗ್ರಾಹಕರು ತಾವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸಿಂದಗಿಯವರಿಗೆ ವ್ಯತ್ಯಾಸವಿಲ್ಲ, ಅದು ಇದೇ ಜಿಲ್ಲೆ. ಆದರೆ ಈ ಅಂಗಡಿಗೆ ಗಡಿಯಾಚೆ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳಿಂದಲೂ ಗಿರಾಕಿಗಳು ಬರುತ್ತಾರೆ. ಅವರು ಸಾಂಗ್ಲಿಯಲ್ಲಿ ದೂರು ಹಾಕಿದರೆ ಮಾಲೀಕರೇ ಅಲ್ಲಿಗೆ ಹೋಗಬೇಕು. 5 ಲಕ್ಷದೊಳಗಿನ ಮಾಲಿನ ದೂರಿಗೆ ಶುಲ್ಕವೂ ಇಲ್ಲ.

ಅಂಗಡಿಯ ದಿನನಿತ್ಯದ ಕೆಲಸವನ್ನು ನಿಜವಾಗಿ ಬದಲಿಸಿದ್ದು ರಸೀದಿಯ ಷರತ್ತು. ಅಲ್ಲಿಯವರೆಗೆ ರಿಪೇರಿಗೆ ಬಂದ ಮಷೀನಿಗೆ ಯಾವ ಕಾಗದವೂ ಇರಲಿಲ್ಲ. ಹುಡುಗ ವೈರಿಗೆ ಒಂದು ಚೀಟಿ ಕಟ್ಟಿ ಮೂಲೆಗಿಡುತ್ತಿದ್ದ. ಎರಡು ಜಾರು ಕೊಟ್ಟಿದ್ದೆ, ಒಂದೇ ಬಂತು ಎಂಬ ತಕರಾರಿಗೆ ಉತ್ತರ ಇರುತ್ತಿರಲಿಲ್ಲ. ಈಗ ಎರಡು ಪ್ರತಿಯ ಪುಸ್ತಕ ಮಾಡಿಸಿದ್ದಾರೆ. ಮಷೀನಿನ ಸೀರಿಯಲ್ ನಂಬರ್, ಜೊತೆಗೆ ಕೊಟ್ಟ ಜಾರು, ಮುಚ್ಚಳಗಳ ಲೆಕ್ಕ, ಗಿರಾಕಿ ಹೇಳಿದ ದೂರು ಅವರ ಮಾತಿನಲ್ಲೇ, ಹೊರಗಿನಿಂದ ಕಂಡ ಸೀಳು ಗೀರು, ಕೊಡುವ ತಾರೀಖು. ಸ್ವಂತ ಹೆಸರಿನ ಮಾಲಿಗೆ 7 ದಿನ, ಕಂಪನಿ ಮಾಲಿಗೆ 15 ದಿನ. ದಾಟಿದರೆ ಬದಲಿಗೆ ಒಂದು ಓಡುವ ಮಷೀನು ಕೊಟ್ಟು ಕಳಿಸಬೇಕು. ವಾರಂಟಿಯಲ್ಲಿ ತೆಗೆದ ಹಳೆಯ ಸಾಮಾನನ್ನು ಗಿರಾಕಿಗೆ ತೋರಿಸಿ, ವಾರಂಟಿ ನಿರಾಕರಿಸಿದ್ದರೆ ಅದನ್ನು ಚೀಟಿ ಕಟ್ಟಿ 2 ವರ್ಷ ಎತ್ತಿಡಬೇಕು. ದೂರು ಹಾಕಲು ಕಾಯ್ದೆ ಕೊಡುವ ಅವಧಿ ಅಷ್ಟು, ಮತ್ತು ಆಯೋಗ ಪರೀಕ್ಷೆಗೆ ಕೇಳಿದಾಗ ತೋರಿಸಲು ಸಾಮಾನೇ ಇಲ್ಲದಿದ್ದರೆ ಮಿಸ್ತ್ರಿಯ ಮಾತಿಗೆ ಬೆಲೆ ಇರುವುದಿಲ್ಲ.

‘30 ದಿನದಲ್ಲಿ ಒಯ್ಯದಿದ್ದರೆ ಮಾರಿಬಿಡುತ್ತೇವೆ’ ಎಂದು ಸೇರಿಸಲು ಮಾಲೀಕರಿಗೆ ಆಸೆಯಿತ್ತು. ಆಗದು. ರಿಪೇರಿಯ ಕೂಲಿ ಬರುವವರೆಗೆ ಮಾಲನ್ನು ಹಿಡಿದಿಟ್ಟುಕೊಳ್ಳಬಹುದು, ಕರಾರು ಕಾಯ್ದೆಯ 170ನೇ ಕಲಮು ಅಷ್ಟನ್ನೇ ಕೊಡುತ್ತದೆ. ಮಾರುವ ಹಕ್ಕು ಕೊಡುವುದಿಲ್ಲ. ಫೋನ್ ಮಾಡಿ, ಆಮೇಲೆ ಅಂಚೆ ಕಾರ್ಡ್ ಹಾಕಿ ಎಂದೆ.

ಬಿಲ್ಲಿನ ಕಾಗದದ ಬಗ್ಗೆಯೂ ಒಂದು ಮಾತು. ಇವರದ್ದು ಥರ್ಮಲ್ ಕಾಗದದ ಬಿಲ್ಲು. ಅಡುಗೆಮನೆಯ ಡಬ್ಬಿಯಲ್ಲಿಟ್ಟರೆ ಎರಡು ವರ್ಷದಲ್ಲಿ ಅಕ್ಷರ ಮಾಯ. ‘ಬಿಲ್ ಇಲ್ಲದೆ ವಾರಂಟಿ ಇಲ್ಲ’ ಎನ್ನುತ್ತಾ, ಅಳಿದುಹೋಗುವ ಬಿಲ್ಲು ಕೊಡುವುದು ಸರಿಯಲ್ಲ. ಸೀರಿಯಲ್ ನಂಬರನ್ನು ಗಿರಾಕಿಯ ಫೋನ್ ನಂಬರಿನ ಜೊತೆ ಕಂಪ್ಯೂಟರಿನಲ್ಲಿ ಸೇರಿಸಿಟ್ಟರೆ ಬಿಲ್ಲು ಕಳೆದವರಿಗೂ ವಾರಂಟಿ ಸಿಗುತ್ತದೆ ಎಂದು ಬರೆದೆವು.

ಕೊನೆಗೆ ಉಳಿದದ್ದು ಮಾಲೀಕರ ಬೆನ್ನ ಹಿಂದೆ ಯಾರಿದ್ದಾರೆ ಎನ್ನುವ ಪ್ರಶ್ನೆ. ಕೊಯಮತ್ತೂರಿನ ಇನ್‌ವಾಯ್ಸ್ ತೆರೆದು ನೋಡಿದಾಗ ತಯಾರಕರು ಇವರಿಗೆ ಕೊಟ್ಟಿದ್ದ ವಾರಂಟಿ 1 ವರ್ಷ, ಅದೂ ಮಾಲು ರವಾನೆಯಾದ ತಾರೀಖಿನಿಂದ. ಮಿಕ್ಸರು ಗೋದಾಮಿನಲ್ಲಿ ಎಂಟು ತಿಂಗಳು ಕುಳಿತು ದೀಪಾವಳಿಗೆ ಮಾರಾಟವಾದರೆ ಅದರ ಹಿಂದಿನ ಆಸರೆ ನಾಲ್ಕೇ ತಿಂಗಳು. ಗಿರಾಕಿಗೆ ಕೊಟ್ಟ ಮಾತು 5 ವರ್ಷ. ನಡುವಿನ ಅಂತರವೆಲ್ಲ ಮಾಲೀಕರ ಜೇಬಿನದ್ದು, ಅದನ್ನು ಅವರು ಯಾವತ್ತೂ ಲೆಕ್ಕ ಹಾಕಿರಲಿಲ್ಲ. 5 ವರ್ಷವನ್ನು 2ಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಅದು ಹೊಸ ಮಾರಾಟಕ್ಕೆ ಮಾತ್ರ. ನೀಲಿ ಪೆನ್ನಿನಲ್ಲಿ 5 ವರ್ಷ ಎಂದು ಬರೆದುಕೊಟ್ಟ ಹಳೆಯ ಬಿಲ್ಲುಗಳನ್ನೆಲ್ಲ ಕೊನೆಯವರೆಗೂ ನಡೆಸಿಕೊಡಲೇಬೇಕು.

ತಯಾರಕರಿಗೆ ಒಂದು ಪತ್ರ ಬರೆದೆವು. ಕೇಳಿದ್ದು ಎರಡು. ವಾರಂಟಿ ಅಂಗಡಿಯ ಮಾರಾಟದ ತಾರೀಖಿನಿಂದ ಶುರುವಾಗಲಿ, ಬೇಕಿದ್ದರೆ ರವಾನೆಯಿಂದ 18 ತಿಂಗಳು ದಾಟದಂತೆ ಮಿತಿ ಹಾಕಲಿ. ಮಾದರಿ ನಿಲ್ಲಿಸಿದರೂ ಆರ್ಮೇಚರ್, ಫೀಲ್ಡ್ ಕಾಯಿಲ್, ಓವರ್‌ಲೋಡ್ ಸ್ವಿಚ್ಚನ್ನು 5 ವರ್ಷ ಪೂರೈಸಲಿ. ಸ್ವಿಚ್ಚಿನ ದೋಷದ ವಿಷಯವನ್ನು ಫೋಟೋ ಸಮೇತ ಬೇರೆಯಾಗಿ ತಿಳಿಸಿದೆವು. ಬಿಡಿಭಾಗಕ್ಕೆ ಒಪ್ಪಿದರು, ಸ್ವಿಚ್ಚುಗಳ ಒಂದು ಹೊಸ ಪೆಟ್ಟಿಗೆ ಪುಕ್ಕಟೆ ಕಳಿಸಿದರು. ತಾರೀಖಿನ ವಿಷಯಕ್ಕೆ ಈವರೆಗೆ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಮಾಲೀಕರು ದೀಪಾವಳಿಗೆ ಮೊದಲೇ ರಾಶಿ ತರಿಸುವುದನ್ನು ನಿಲ್ಲಿಸಿ ತಿಂಗಳಿಗೆ ಬೇಕಾದಷ್ಟೇ ತರಿಸುತ್ತಿದ್ದಾರೆ.